ಬಡ್ಡಿ ಕಟ್ಟಿದವಳಿಗೋ, ಹಣ ಇಟ್ಟವಳಿಗೋ?

ಸ್ವಸಹಾಯ ಸಂಘಕ್ಕೆ ಒಂದು ವರ್ಷ ತುಂಬುವ ಹೊತ್ತಿಗೆ ಸದಸ್ಯೆಯರು ಉಳಿಸಿದ ಮೊತ್ತಕ್ಕಿಂತ ಸಂಘದ ಬಳಿ ಇರುವ ಹಣ ಸ್ವಲ್ಪ ಹೆಚ್ಚಾಗಿರುತ್ತದೆ. ಹೆಚ್ಚಾಗಿರುವುದು ಬಡ್ಡಿಯಿಂದ. ಸಂಘದೊಳಗೇ ಸಾಲ ಪಡೆದವರು ತಿಂಗಳು ತಿಂಗಳೂ ಕಟ್ಟಿದ್ದು. ಆಗ ಏಳುವ ಪ್ರಶ್ನೆ ಕೇಳಲು ಸುಲಭ, ಉತ್ತರಿಸಲು ಕಷ್ಟ: ಈ ಹಣ ಯಾರದು? ಕಟ್ಟಿದವರದೋ, ಉಳಿಸಿದವರದೋ, ಎಲ್ಲರದೂ ಸಮವಾಗಿಯೋ? ಹಲವು ಸಂಘಗಳು ಈ ಪ್ರಶ್ನೆಯನ್ನು ಕೂತು ಬಗೆಹರಿಸದೆ ಕೈಗೆ ಬಂದಂತೆ ಹಂಚಿಬಿಡುತ್ತವೆ. ಆಮೇಲೆ ಒಬ್ಬಿಬ್ಬರು ಸಭೆಗೆ ಬರುವುದನ್ನು ನಿಲ್ಲಿಸುತ್ತಾರೆ, ಕಾರಣ ಯಾರ ಬಾಯಲ್ಲೂ ಬರುವುದಿಲ್ಲ.

ಲೆಕ್ಕ ಸ್ಪಷ್ಟವಾಗಲಿ ಎಂದು ಕೋಲಾರದ ಕಡೆಯ ಒಂದು ಹಳ್ಳಿಯಲ್ಲಿ ಒಂದು ಸಂಘವನ್ನು ಕಲ್ಪಿಸಿಕೊಳ್ಳೋಣ. ಒಂದೇ ಊರಿಗೆ ಮದುವೆಯಾಗಿ ಬಂದ ಮೂವರು ಅಕ್ಕತಂಗಿಯರು ಆ ಸಂಘದಲ್ಲಿದ್ದಾರೆ. ಒಂದು ಮನೆಯಿಂದ ಒಬ್ಬರೇ ಸದಸ್ಯರಾಗಬೇಕು ಎಂಬುದು ಸ್ವಸಹಾಯ ಸಂಘಗಳ ಸಾಮಾನ್ಯ ನಿಯಮ. ಇವರು ಮೂರು ಬೇರೆ ಬೇರೆ ಮನೆಗಳ ಸೊಸೆಯರು, ಹಾಗಾಗಿ ತೊಂದರೆಯಿಲ್ಲ. ಹಿರಿಯಕ್ಕ ಸಾಲಕ್ಕೆ ಹೆದರುವವಳು. ಉಳಿತಾಯ ತಪ್ಪಿಸುವುದಿಲ್ಲ, ಸಾಲ ಮಾತ್ರ ಕೇಳುವುದಿಲ್ಲ. ನಡುವಿನವಳ ಮನೆಯಲ್ಲಿ ರೇಷ್ಮೆ ಸಾಕಣೆ, ಚಾಕಿ ಹುಳು ತರುವ ಹೊತ್ತಿಗೆ ಅವಳಿಗೆ ಕೈಯಲ್ಲಿ ಹಣ ಬೇಕು. ಕಿರಿಯವಳು ಸಂಘ ಶುರುವಾಗಿ ಆರು ತಿಂಗಳಾದ ಮೇಲೆ ಸೇರಿದವಳು.

ಮೊದಲ ಆರು ತಿಂಗಳು ಸಂಘದಲ್ಲಿ 11 ಜನ. ತಿಂಗಳಿಗೆ ತಲಾ 200 ರೂಪಾಯಿ ಉಳಿತಾಯ. ಏಳನೇ ತಿಂಗಳು ಕಿರಿಯವಳು ಸೇರಿದ ಮೇಲೆ 12 ಜನ. ವರ್ಷದ ಕೊನೆಗೆ ಮೊದಲಿನಿಂದ ಇದ್ದ ಒಬ್ಬೊಬ್ಬರದೂ 2,400 ರೂಪಾಯಿ, ಕಿರಿಯವಳದು 1,200, ಒಟ್ಟು 27,600 ರೂಪಾಯಿ. ನಿಜವಾದ ಸಂಘಗಳಲ್ಲಿ ವಾರದ ಸಭೆ, ವಾರದ ಉಳಿತಾಯ ಹೆಚ್ಚು ರೂಢಿಯಲ್ಲಿದೆ. ಓದುವವರಿಗೆ ಅಂಕಿಗಳ ಕಾಟ ಕಡಿಮೆಯಾಗಲೆಂದು ನಾನಿಲ್ಲಿ ತಿಂಗಳ ಸಭೆ ಇಟ್ಟುಕೊಂಡಿದ್ದೇನೆ.

ಸಂಘದ ಹಣವನ್ನು ಸದಸ್ಯೆಯರಿಗೇ ಸಾಲವಾಗಿ ಕೊಡುವುದಕ್ಕೆ ಆಂತರಿಕ ಸಾಲ ಎನ್ನುತ್ತಾರೆ. ಮೊದಲ ಎರಡು ತಿಂಗಳು ಈ ಸಂಘ ಹಣ ಕೂಡಿಸಿತು, ಮೂರನೇ ಸಭೆಯಿಂದ ಸಾಲ ಕೊಡಲು ಶುರು ಮಾಡಿತು. ಬಡ್ಡಿ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಎಂದು ಎಲ್ಲರೂ ಕೂತು ತೀರ್ಮಾನಿಸಿದರು. ಹೊರಗಿನ ಯಾರೂ ಈ ದರವನ್ನು ಅವರ ಮೇಲೆ ಹೇರಲಿಲ್ಲ. ಆಂತರಿಕ ಸಾಲದ ಬಡ್ಡಿಯನ್ನು ಗೊತ್ತುಮಾಡುವುದು ಸಂಘದ ಸಭೆಯೇ.

ನಾಲ್ಕನೇ ಸಭೆಯಲ್ಲಿ ನಡುವಿನವಳು 4,000 ರೂಪಾಯಿ ಸಾಲ ಪಡೆದಳು. ಎಂಟು ಕಂತು, ಕಂತಿಗೆ 500 ರೂಪಾಯಿ ಅಸಲು, ಜೊತೆಗೆ ಬಡ್ಡಿ. ಲೆಕ್ಕದಲ್ಲಿ ಜನ ಮೊದಲು ಎಡವುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ನಿಂತು ನೋಡಬೇಕು.

ಐದನೇ ಸಭೆಯಲ್ಲಿ ಅವಳ ಮೇಲಿದ್ದ ಬಾಕಿ 4,000. ನೂರಕ್ಕೆ ಎರಡರಂತೆ ಬಡ್ಡಿ 80 ರೂಪಾಯಿ. ಅಸಲಿನ 500 ಸೇರಿಸಿ 580 ಕಟ್ಟಿದಳು. ಈಗ ಬಾಕಿ 3,500. ಆರನೇ ಸಭೆಗೆ ಬಡ್ಡಿ 70, ಅದರ ಮುಂದಿನ ಸಭೆಗೆ 60. ಹೀಗೆ ತಿಂಗಳಿಗೆ ಹತ್ತು ರೂಪಾಯಿ ಇಳಿಯುತ್ತಾ ಹನ್ನೆರಡನೇ ಸಭೆಯಲ್ಲಿ 500 ರೂಪಾಯಿಯ ಮೇಲೆ 10 ರೂಪಾಯಿ ಬಡ್ಡಿ ಕಟ್ಟಿ ಸಾಲ ತೀರಿಸಿದಳು. ಒಟ್ಟು ಬಡ್ಡಿ 360 ರೂಪಾಯಿ. ಉಳಿದಿರುವ ಬಾಕಿಗೆ ಮಾತ್ರ ಬಡ್ಡಿ ಹಾಕುವುದು ಎಂದರೆ ಇದು. ಮೊದಲು ಕೊಟ್ಟ 4,000ಕ್ಕೇ ಎಂಟೂ ತಿಂಗಳು 80ರಂತೆ ಹಾಕಿದ್ದರೆ 640 ರೂಪಾಯಿ ಆಗುತ್ತಿತ್ತು. ಎರಡು ಕಡೆಯೂ ಬಾಯಲ್ಲಿ ಹೇಳುವ ದರ ನೂರಕ್ಕೆ ಎರಡೇ, ಆದರೆ ಜೇಬಿನಿಂದ ಹೋಗುವುದರಲ್ಲಿ 280 ರೂಪಾಯಿ ಅಂತರ. ತೀರಿಸಿಬಿಟ್ಟ ಹಣಕ್ಕೂ ಬಡ್ಡಿ ಕಟ್ಟಿಸಿಕೊಳ್ಳುವುದು ನ್ಯಾಯವಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಪುಸ್ತಕ ಬರೆಯುವವರಿಗೆ ಎಂಟೂ ತಿಂಗಳು ಒಂದೇ ಅಂಕಿ ಬರೆಯುವುದು ಸುಲಭವೆಂದು ಕೆಲವು ಕಡೆ ಹೀಗೆ ನಡೆಯುತ್ತದೆ. ನಿಮ್ಮ ಸಂಘದಲ್ಲಿ ಯಾವುದು ನಡೆಯುತ್ತಿದೆ ಎಂದು ತಿಳಿಯಲು ಪಾಸ್‌ಬುಕ್ಕಿನ ಬಡ್ಡಿಯ ಕಲಂ ನೋಡಿದರೆ ಸಾಕು. ಕಂತು ಕಟ್ಟಿದ ಹಾಗೆಲ್ಲ ಬಡ್ಡಿ ಇಳಿಯುತ್ತಾ ಬಂದಿರಬೇಕು.

ಊರಿನ ಬಡ್ಡಿ ವ್ಯವಹಾರದವರ ಬಳಿ ಇದೇ 4,000ವನ್ನು ನೂರಕ್ಕೆ ಐದರಂತೆ ತಂದು, ಎಂಟು ತಿಂಗಳಾದ ಮೇಲೆ ಒಟ್ಟಿಗೆ ತೀರಿಸಿದ್ದರೆ ಬಡ್ಡಿಯೇ 1,600 ರೂಪಾಯಿ ಆಗುತ್ತಿತ್ತು. ಅದೂ ಮನೆಯಿಂದ ಹೊರಟರೆ ಮರಳಿ ಬಾರದ ಹಣ. ಸಂಘಕ್ಕೆ ಕಟ್ಟಿದ 360ರಲ್ಲಿ ಒಂದು ಭಾಗ ತಿರುಗಿ ಅವಳಿಗೇ ಬರುತ್ತದೆ. ಎಷ್ಟು ಬರುತ್ತದೆ ಎಂಬುದೇ ಮುಂದಿನ ಪ್ರಶ್ನೆ.

ಹಂಚುವ ಮೊದಲು ಆದಾಯ ಎಷ್ಟೆಂದು ತಿಳಿಯಬೇಕು. ಇಲ್ಲೊಂದು ತಪ್ಪು ಎಷ್ಟೋ ಸಂಘಗಳ ಮೊದಲ ವರ್ಷದಲ್ಲಿ ನುಸುಳುತ್ತದೆ. ನಡುವಿನವಳು ಐದನೇ ಸಭೆಯಲ್ಲಿ ಕಟ್ಟಿದ 580 ರೂಪಾಯಿಯಲ್ಲಿ ಸಂಘದ ಆದಾಯ 80 ಮಾತ್ರ. 500 ರೂಪಾಯಿ ಸಂಘದ್ದೇ ಹಣ ಮನೆಗೆ ಮರಳಿದ್ದು, ಅದು ಗಳಿಕೆಯಲ್ಲ. ನಗದು ಪುಸ್ತಕದಲ್ಲಿ ಅಸಲು, ಬಡ್ಡಿ ಎರಡನ್ನೂ ಒಂದೇ ಸಾಲಿನಲ್ಲಿ ‘ಸಾಲ ವಸೂಲಿ 580’ ಎಂದು ಬರೆದಿಟ್ಟರೆ ವರ್ಷದ ಕೊನೆಗೆ ಬೇರ್ಪಡಿಸುವವರು ಯಾರು? ಕೈಯಲ್ಲಿ ಹಣ ಕಾಣುತ್ತದೆ, ಲಾಭವೆಂದು ಹಂಚುತ್ತಾರೆ. ಹಂಚಿದ್ದರಲ್ಲಿ ಅರ್ಧಕ್ಕರ್ಧ ಅವರವರದೇ ಉಳಿತಾಯವಾಗಿರುತ್ತದೆ. ಎಲ್ಲರಿಗೂ ಆ ದಿನ ಸಂತೋಷವಾಗುವುದರಿಂದ ತಪ್ಪು ಗೊತ್ತಾಗುವುದೂ ತಡವಾಗಿ. ಒಬ್ಬರು ಸಂಘ ಬಿಟ್ಟು ತಮ್ಮ ಉಳಿತಾಯ ಕೇಳಿದಾಗ ಕೊಡಲು ಹಣವಿರುವುದಿಲ್ಲ.

ಇನ್ನೊಂದು ತಪ್ಪು ಬರಬೇಕಾದ ಬಡ್ಡಿಯನ್ನು ಬಂದ ಬಡ್ಡಿಯೆಂದು ಎಣಿಸುವುದು. ಒಬ್ಬಾಕೆಯಿಂದ 300 ರೂಪಾಯಿ ಬಡ್ಡಿ ಬಾಕಿ ಇದೆ ಎನ್ನಿ. ಪುಸ್ತಕದಲ್ಲಿ ಅದು ಸಂಘಕ್ಕೆ ಸಲ್ಲಬೇಕಾದ ಹಣವೇ. ಆದರೆ ಅದನ್ನೂ ಸೇರಿಸಿ ಹಂಚಿದರೆ, ಇಲ್ಲದ ಆ 300 ರೂಪಾಯಿ ಉಳಿದವರ ಉಳಿತಾಯದ ಗಂಟಿನಿಂದಲೇ ಹೋಗಬೇಕು. ಅದಕ್ಕೇ ಕೈಸೇರಿದ ಬಡ್ಡಿಯನ್ನು ಮಾತ್ರ ಹಂಚಿಕೆಗೆ ತೆಗೆದುಕೊಳ್ಳಬೇಕು. ಹನ್ನೆರಡನೇ ತಿಂಗಳ ಬಡ್ಡಿ ಅದರ ಮುಂದಿನ ಸಭೆಯಲ್ಲಿ ಬರುವುದರಿಂದ, ಅದು ಬಂದ ಮೇಲೆ ವರ್ಷದ ಲೆಕ್ಕ ಮುಚ್ಚಿದರೆ ಸರಿಯಾಗುತ್ತದೆ.

ನಮ್ಮ ಸಂಘ ಹಾಗೆಯೇ ಮಾಡಿತು. ಕೈಸೇರಿದ ಬಡ್ಡಿ 2,880 ರೂಪಾಯಿ. ತಡವಾಗಿ ಬಂದವರಿಂದ, ಹೇಳದೆ ಗೈರಾದವರಿಂದ ಬಂದ ದಂಡ 110. ಬ್ಯಾಂಕಿನ ಉಳಿತಾಯ ಖಾತೆಯಲ್ಲಿ ಬಂದ ಬಡ್ಡಿ 47. ಖರ್ಚೆಂದರೆ ಪುಸ್ತಕಗಳಿಗೆ 250, ಪ್ರತಿನಿಧಿಗಳು ಬ್ಯಾಂಕಿಗೆ ಹೋಗಿ ಬಂದ ಬಸ್ ಖರ್ಚು 150. ಖರ್ಚು ಕಳೆದು ಉಳಿದದ್ದು 2,637 ರೂಪಾಯಿ.

ಇದನ್ನು ಹಂಚುವುದು ಹೇಗೆ ಎಂದಾಗ ಮೊದಲು ಎದ್ದದ್ದು ‘ಎಲ್ಲರಿಗೂ ಸಮ’ ಎಂಬ ಮಾತು. ಅದು ಸಹಜ. ಊರಿನಲ್ಲಿ ಚೀಟಿ ಹಾಕಿ ಅಭ್ಯಾಸವಿರುವವರಿಗೆ ಆ ಲೆಕ್ಕ ಗೊತ್ತು. ಹರಾಜಿನಲ್ಲಿ ಚೀಟಿ ಎತ್ತಿದವರು ಬಿಟ್ಟುಕೊಟ್ಟ ಹಣವನ್ನು ಉಳಿದ ಚೀಟಿದಾರರೆಲ್ಲ ಸಮವಾಗಿ ಹಂಚಿಕೊಳ್ಳುತ್ತಾರೆ. ಚೀಟಿಯಲ್ಲಿ ಅದು ನ್ಯಾಯವೇ, ಏಕೆಂದರೆ ಎಲ್ಲರೂ ಒಂದೇ ದಿನ ಸೇರಿ ಒಂದೇ ಮೊತ್ತ ಕಟ್ಟುತ್ತಾ ಹೋಗುತ್ತಾರೆ. ಸಂಘದಲ್ಲಿ ಒಬ್ಬರು ನಡುವೆ ಸೇರುತ್ತಾರೆ, ಒಬ್ಬರು ಎರಡು ತಿಂಗಳು ಉಳಿತಾಯ ಕಟ್ಟಲಾಗದೆ ಬಿಡುತ್ತಾರೆ, ಇನ್ನೊಬ್ಬರು ಸ್ವಇಚ್ಛೆಯಿಂದ ಹೆಚ್ಚು ಉಳಿಸುತ್ತಾರೆ. ಸಮ ಹಂಚಿಕೆಯಲ್ಲಿ 2,637ನ್ನು 12ರಿಂದ ಭಾಗಿಸಿದರೆ ತಲಾ 219 ರೂಪಾಯಿ 75 ಪೈಸೆ. ಆರು ತಿಂಗಳ ಹಿಂದೆ ಸೇರಿದ ಕಿರಿಯವಳಿಗೂ ಅಷ್ಟೇ.

“ನಂಗೆ ಯಾಕೋ ಸರಿ ಕಾಣ್ತಿಲ್ಲ ಅಕ್ಕ,” ಅಂದವಳು ಕಿರಿಯವಳೇ. “ನಾನು ಇಟ್ಟಿದ್ದೇ ಹನ್ನೆರಡು ನೂರು. ನಿಮ್ಮಷ್ಟೇ ನಾನೂ ತಗೊಂಡ್ರೆ ನಾಳೆ ಯಾರಾದ್ರೂ ಆಡ್ಕೊಳಲ್ವಾ?”

ಹಾಗಾದರೆ ಉಳಿತಾಯಕ್ಕೆ ತಕ್ಕಂತೆ ಹಂಚೋಣ ಎಂದರು. ಆಗ 2,400 ಉಳಿಸಿದವರಿಗೆ 229 ರೂಪಾಯಿ 30 ಪೈಸೆ, 1,200 ಉಳಿಸಿದ ಕಿರಿಯವಳಿಗೆ ಅದರ ಅರ್ಧ, 114 ರೂಪಾಯಿ 65 ಪೈಸೆ. ನೋಡಲು ಸರಿಯೆನಿಸುತ್ತದೆ. ಆದರೂ ಇದರಲ್ಲಿ ಒಂದು ವಿಷಯ ಬಿಟ್ಟುಹೋಗಿದೆ. ಹಿರಿಯಕ್ಕ ಮೊದಲ ತಿಂಗಳು ಇಟ್ಟ 200 ರೂಪಾಯಿ ಹನ್ನೆರಡು ತಿಂಗಳು ಸಂಘದಲ್ಲಿ ದುಡಿದಿದೆ. ಹನ್ನೆರಡನೇ ತಿಂಗಳು ಇಟ್ಟ 200 ರೂಪಾಯಿ ದುಡಿದದ್ದು ಒಂದೇ ತಿಂಗಳು. ಕಿರಿಯವಳ ಒಂದು ಕಂತೂ ಆರು ತಿಂಗಳಿಗಿಂತ ಹೆಚ್ಚು ದುಡಿದಿಲ್ಲ. ಬಡ್ಡಿ ಹುಟ್ಟುವುದು ಹಣದಿಂದ ಮಾತ್ರವಲ್ಲ, ಹಣ ಎಷ್ಟು ಕಾಲ ಇತ್ತು ಎಂಬುದರಿಂದಲೂ. ನಡುವಿನವಳಿಗೆ ಸಾಲ ಕೊಟ್ಟಾಗ ಬಡ್ಡಿಯನ್ನು ತಿಂಗಳ ಲೆಕ್ಕದಲ್ಲೇ ಹಾಕಿದ್ದರಲ್ಲವೇ? ಪಡೆಯುವಾಗ ತಿಂಗಳು ಎಣಿಸಿ, ಹಂಚುವಾಗ ತಿಂಗಳು ಮರೆತರೆ ಲೆಕ್ಕ ತೂಗುವುದಿಲ್ಲ.

ಮೂರನೇ ದಾರಿಯಲ್ಲಿ ಪ್ರತಿ ತಿಂಗಳ ಕೊನೆಗೆ ಒಬ್ಬೊಬ್ಬರ ಉಳಿತಾಯ ಎಷ್ಟಿತ್ತೆಂದು ಬರೆದು, ಹನ್ನೆರಡು ತಿಂಗಳದ್ದನ್ನೂ ಕೂಡುತ್ತಾರೆ. ಹಿರಿಯಕ್ಕನದು ಮೊದಲ ತಿಂಗಳು 200, ಎರಡನೆಯದಕ್ಕೆ 400, ಮೂರನೆಯದಕ್ಕೆ 600, ಹೀಗೆ ಕೊನೆಗೆ 2,400. ಎಲ್ಲ ಕೂಡಿದರೆ 15,600. ಇದು ಹಣವಲ್ಲ, ಅವಳ ಹಣ ದುಡಿದ ಅಳತೆ. ಕಿರಿಯವಳದು 200, 400, 600, 800, 1,000, 1,200, ಕೂಡಿದರೆ 4,200. ಮೊದಲಿನಿಂದ ಇದ್ದ 11 ಜನರದು ತಲಾ 15,600ರಂತೆ 1,71,600. ಕಿರಿಯವಳದ್ದೂ ಸೇರಿ ಸಂಘದ ಒಟ್ಟು 1,75,800.

ಈಗ 2,637ನ್ನು 1,75,800ರಿಂದ ಭಾಗಿಸಿದರೆ, ನೂರರ ಅಳತೆಗೆ ಒಂದೂವರೆ ರೂಪಾಯಿ ಬರುತ್ತದೆ. ಹಿರಿಯಕ್ಕನ 15,600ಕ್ಕೆ 234 ರೂಪಾಯಿ, ನಡುವಿನವಳಿಗೂ 234. ಕಿರಿಯವಳ 4,200ಕ್ಕೆ 63. ಹನ್ನೊಂದು ಜನಕ್ಕೆ 2,574, ಒಬ್ಬಳಿಗೆ 63, ಒಟ್ಟು 2,637. ಪೈಸೆಯೂ ಉಳಿಯುವುದಿಲ್ಲ. ನಾನು ಆರಿಸಿಕೊಂಡ ಅಂಕಿಗಳಿಂದ ಇದು ಇಷ್ಟು ಸಲೀಸಾಗಿ ಬಂತು. ನಿಜದಲ್ಲಿ ಪೈಸೆಗಳು ಬಂದೇ ಬರುತ್ತವೆ, ಅವನ್ನು ರೂಪಾಯಿಗೆ ಇಳಿಸಿ ಉಳಿದ ಚಿಲ್ಲರೆಯನ್ನು ಸಂಘದ ನಿಧಿಯಲ್ಲೇ ಬಿಟ್ಟರೆ ಯಾರಿಗೂ ಬೇಸರವಿಲ್ಲ.

ಕಿರಿಯವಳ ಪಾಲು ಸಮ ಹಂಚಿಕೆಯಲ್ಲಿ 219, ಉಳಿತಾಯದ ಲೆಕ್ಕದಲ್ಲಿ 114, ತಿಂಗಳ ಲೆಕ್ಕದಲ್ಲಿ 63. ಮೊತ್ತ ಒಂದೇ, ನಿಯಮ ಬದಲಾದಂತೆ ಅವಳ ಪಾಲು ಮೂರು ಪಟ್ಟಿಗಿಂತ ಹೆಚ್ಚು ಹಿಗ್ಗಿತು, ಕುಗ್ಗಿತು. ಕೆಲವು ಸಂಘಗಳಲ್ಲಿ ತಡವಾಗಿ ಸೇರುವವರಿಂದ ಹಿಂದಿನ ಉಳಿತಾಯವನ್ನೂ ಒಟ್ಟಿಗೆ ತುಂಬಿಸಿಕೊಳ್ಳುತ್ತಾರೆ. ಕಿರಿಯವಳು ಏಳನೇ ತಿಂಗಳು ಹೀಗೆ 1,200 ತುಂಬಿದ್ದರೂ ಅವಳ ಅಳತೆ 11,400ಕ್ಕೆ ಏರುತ್ತಿತ್ತೇ ಹೊರತು 15,600 ಆಗುತ್ತಿರಲಿಲ್ಲ, ಏಕೆಂದರೆ ಆ ಹಣ ಮೊದಲ ಆರು ತಿಂಗಳು ಸಂಘದಲ್ಲಿ ಇರಲೇ ಇಲ್ಲ.

ಎಲ್ಲ ಸದಸ್ಯೆಯರೂ ಒಂದೇ ದಿನ ಸೇರಿ, ಒಂದೇ ಮೊತ್ತವನ್ನು ತಪ್ಪದೆ ಉಳಿಸಿದ್ದರೆ ಈ ಮೂರು ದಾರಿಗಳೂ ಒಂದೇ ಉತ್ತರ ಕೊಡುತ್ತವೆ. ಅಂಥ ಸಂಘಕ್ಕೆ ಸಮ ಹಂಚಿಕೆ ಸಾಕು, ಸುಮ್ಮನೆ ಲೆಕ್ಕ ತೊಡಕು ಮಾಡಿಕೊಳ್ಳಬೇಕಿಲ್ಲ. ಒಬ್ಬರದಾದರೂ ವ್ಯತ್ಯಾಸವಿದ್ದರೆ ತಿಂಗಳ ಲೆಕ್ಕವೇ ನ್ಯಾಯವಾದದ್ದು.

ಇಷ್ಟಾದರೂ ನಡುವಿನವಳ ಮನಸ್ಸು ಒಪ್ಪಲಿಲ್ಲ.

“ಬಡ್ಡಿ ಕಟ್ಟಿದೋಳು ನಾನು. ಮುನ್ನೂರ ಅರವತ್ತು ರೂಪಾಯಿ. ಅಕ್ಕ ಒಂದು ರೂಪಾಯಿ ಬಡ್ಡಿ ಕಟ್ಟಿಲ್ಲ. ಪಾಲು ಮಾತ್ರ ಇಬ್ರಿಗೂ ಇನ್ನೂರ ಮೂವತ್ನಾಲ್ಕಾ?”

“ಹುಳ ತರೋಕೆ ನೀನು ತಗೊಂಡಿದ್ದು ಯಾರ ದುಡ್ಡು ಕಣೆ?” ಅಂದಳು ಹಿರಿಯಕ್ಕ. “ನಂದೂ ಇತ್ತಲ್ಲ ಅದರಲ್ಲಿ.”

ಇಬ್ಬರ ಮಾತಿನಲ್ಲೂ ಸತ್ಯವಿದೆ. ನಾಲ್ಕನೇ ಸಭೆಯ ಹೊತ್ತಿಗೆ ನಡುವಿನವಳ ಸ್ವಂತ ಉಳಿತಾಯ 800 ರೂಪಾಯಿ. ಅವಳು ಪಡೆದದ್ದು 4,000. ಉಳಿದ 3,200 ಬೇರೆಯವರದು. ಬಡ್ಡಿ ಎಂಬುದು ಆ ಹಣವನ್ನು ಬಳಸಿದ್ದಕ್ಕೆ, ಅದರ ಒಡತಿಯರಿಗೆ ಸಲ್ಲುವ ಬಾಡಿಗೆ. ಸಾಲ ಪಡೆದಾಗ ನಡುವಿನವಳು ಬಾಡಿಗೆ ಕೊಡುವವಳು, ಉಳಿಸಿದಾಗ ಬಾಡಿಗೆ ಪಡೆಯುವವಳು. ಎರಡು ಪಾತ್ರಗಳನ್ನು ಬೇರೆ ಬೇರೆ ಎಣಿಸಬೇಕು. ಕೊಟ್ಟದ್ದು 360, ಪಡೆದದ್ದು 234. ಎಂಟು ತಿಂಗಳು ಸಾಲ ಬಳಸಿದ್ದಕ್ಕೂ ವರ್ಷವಿಡೀ ಉಳಿಸಿದ್ದಕ್ಕೂ ಸೇರಿ ಅವಳ ಕೈಬಿಟ್ಟದ್ದು 126 ರೂಪಾಯಿ.

ಹಿರಿಯಕ್ಕನ ಕಡೆಯಿಂದಲೂ ನೋಡಬೇಕು. ವರ್ಷದ ಸರಾಸರಿಯಲ್ಲಿ ಸಂಘದಲ್ಲಿದ್ದ ಅವಳ ಹಣ 1,300 ರೂಪಾಯಿ. ಅದಕ್ಕೆ 234 ಎಂದರೆ ವರ್ಷಕ್ಕೆ ನೂರಕ್ಕೆ 18. ಅದೇ ಹಣ ಬ್ಯಾಂಕಿನ ಉಳಿತಾಯ ಖಾತೆಯಲ್ಲಿ ವರ್ಷಕ್ಕೆ ನೂರಕ್ಕೆ ಮೂರರಂತೆ ಇದ್ದಿದ್ದರೆ 39 ರೂಪಾಯಿ ಬರುತ್ತಿತ್ತು. ಅಂದರೆ ಸಾಲ ಪಡೆಯುವವರು ಇಲ್ಲದಿದ್ದರೆ ಅವಳಿಗೆ 234 ಇಲ್ಲ. ಸಾಲ ಪಡೆದು ಸರಿಯಾಗಿ ಕಟ್ಟಿದವರಿಂದಲೇ ಅವಳ ಉಳಿತಾಯ ಬೆಳೆದದ್ದು. ಹಣ ಇಡುವ ಹಿರಿಯಕ್ಕ ಇಲ್ಲದಿದ್ದರೆ ನಡುವಿನವಳು ನೂರಕ್ಕೆ ಐದರ ಬಾಗಿಲಿಗೆ ಹೋಗಬೇಕಿತ್ತು.

ಹಾಗಾದರೆ ಬಡ್ಡಿ ದರವನ್ನೇ ಇಳಿಸಿದರೆ? ಮುಂದಿನ ಸಭೆಯಲ್ಲಿ ನಡುವಿನವಳು ಕೇಳಿದ್ದು ಅದನ್ನೇ. ನೂರಕ್ಕೆ ಒಂದು ರೂಪಾಯಿ ಆಗಿದ್ದರೆ ಅವಳು ಕಟ್ಟುತ್ತಿದ್ದದ್ದು 180. ಆದರೆ ಸಂಘದ ಬಡ್ಡಿಯ ಆದಾಯವೂ ಅರ್ಧವಾಗಿ 1,440ಕ್ಕೆ ಇಳಿಯುತ್ತಿತ್ತು. ದಂಡ, ಬ್ಯಾಂಕಿನ ಬಡ್ಡಿ ಸೇರಿಸಿ ಖರ್ಚು ಕಳೆದರೆ ಹಂಚಲು ಉಳಿಯುವುದು 1,197. ಆಗ ಒಬ್ಬೊಬ್ಬರ ಪಾಲು ಸುಮಾರು 106. ನಡುವಿನವಳಿಗೆ ಕಟ್ಟುವುದರಲ್ಲಿ 180 ಉಳಿಯಿತು, ಪಡೆಯುವುದರಲ್ಲಿ 128 ಕಡಿಮೆಯಾಯಿತು. ನಿಜವಾದ ಲಾಭ 52 ರೂಪಾಯಿ. ಹಿರಿಯಕ್ಕನಿಗೆ 128 ರೂಪಾಯಿ ನಷ್ಟ, ಯಾವ ಲಾಭವೂ ಇಲ್ಲ.

ಇಡೀ ವಿಷಯದಲ್ಲಿ ನನಗೆ ಬಹಳ ಮುಖ್ಯವೆನಿಸುವುದು ಈ ಲೆಕ್ಕ. ಎಲ್ಲರೂ ಹೆಚ್ಚುಕಡಿಮೆ ಸಮವಾಗಿ ಸಾಲ ಪಡೆಯುವ ಸಂಘದಲ್ಲಿ ಬಡ್ಡಿ ದರ ಒಂದಿರಲಿ ಎರಡಿರಲಿ, ಅಂಥ ವ್ಯತ್ಯಾಸವಾಗುವುದಿಲ್ಲ. ಒಂದು ಕೈಯಿಂದ ಕೊಟ್ಟದ್ದು ಇನ್ನೊಂದು ಕೈಗೆ ಬರುತ್ತದೆ. ಕೆಲವರು ಮಾತ್ರ ಸಾಲ ಪಡೆದು ಉಳಿದವರು ಉಳಿಸುತ್ತಲೇ ಇರುವ ಸಂಘದಲ್ಲಿ ದರ ಏರಿದರೆ ಸಾಲಗಾರರಿಂದ ಉಳಿತಾಯದವರ ಕಡೆಗೆ ಹಣ ಹರಿಯುತ್ತದೆ. ಸಾಲ ಪಡೆಯುವವರು ಬಡವರಾಗಿದ್ದು, ಪಡೆಯದವರು ಸ್ವಲ್ಪ ಅನುಕೂಲಸ್ಥರಾಗಿದ್ದರೆ ಸಂಘವೇ ಬಡವರಿಂದ ಎತ್ತಿ ಇದ್ದವರಿಗೆ ಕೊಡುವ ಏರ್ಪಾಡಾಗಿಬಿಡುತ್ತದೆ. ವರ್ಷಕ್ಕೊಮ್ಮೆ ಯಾರು ಎಷ್ಟು ಬಡ್ಡಿ ಕಟ್ಟಿದರು, ಯಾರಿಗೆ ಎಷ್ಟು ಪಾಲು ಹೋಯಿತು ಎಂಬ ಎರಡು ಕಲಂಗಳನ್ನು ಅಕ್ಕಪಕ್ಕ ಬರೆದು ಸಭೆಯಲ್ಲಿ ಓದಿದರೆ ಇದು ಕಣ್ಣಿಗೆ ಬೀಳುತ್ತದೆ.

ಈ ಪದ್ಧತಿ ಬೆಳೆದ ನೆಲದಲ್ಲಿ ಕರ್ನಾಟಕಕ್ಕೆ ದೊಡ್ಡ ಪಾಲಿದೆ. 1980ರ ದಶಕದ ನಡುವೆ ಮೈರಾಡ ಸಂಸ್ಥೆ ಕೆಲಸ ಮಾಡುತ್ತಿದ್ದ ಕಡೆ ದೊಡ್ಡ ಸಹಕಾರ ಸಂಘಗಳು ಒಡೆದು, ಒಬ್ಬರನ್ನೊಬ್ಬರು ನಂಬುವ ಜನ ಚಿಕ್ಕ ಚಿಕ್ಕ ಗುಂಪುಗಳಾದರು. ಆ ಗುಂಪುಗಳು ತಾವೇ ಉಳಿಸಿ ತಾವೇ ಸಾಲ ಕೊಡುವುದನ್ನು ನೋಡಿ ನಬಾರ್ಡ್ 1987ರಲ್ಲಿ ಮೈರಾಡಕ್ಕೆ 10 ಲಕ್ಷ ರೂಪಾಯಿ ನೆರವು ಕೊಟ್ಟಿತು. 1992ರಲ್ಲಿ 500 ಸಂಘಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಪ್ರಯೋಗ ಶುರುವಾಯಿತು. 2000-01ರಲ್ಲಿ ರಾಜ್ಯದ ಸ್ತ್ರೀಶಕ್ತಿ ಯೋಜನೆ ಅಂಗನವಾಡಿ ಕಾರ್ಯಕರ್ತೆಯರ ಮೂಲಕ ಹಳ್ಳಿಹಳ್ಳಿಗೂ ಬಂತು. ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನ 2011ರಲ್ಲಿ ಆರಂಭವಾಯಿತು. ನಮ್ಮಲ್ಲಿ ಅದು ಸಂಜೀವಿನಿ ಎಂಬ ಹೆಸರಿನಿಂದ ನಡೆಯುತ್ತಿದೆ. ಅಲ್ಲಿ ಪಂಚಸೂತ್ರ ಎಂದು ಕಲಿಸುವ ಐದು ಮಾತುಗಳಲ್ಲಿ ಸಭೆ, ಉಳಿತಾಯ, ಆಂತರಿಕ ಸಾಲ, ಮರುಪಾವತಿಗಳ ಜೊತೆಗೆ ಐದನೆಯದು ಪುಸ್ತಕ ಬರೆಯುವುದು. ಹಂಚಿಕೆಯ ಪ್ರಶ್ನೆ ಎದ್ದಾಗ ಉಳಿದ ನಾಲ್ಕೂ ಈ ಐದನೆಯದರ ಮೇಲೆ ನಿಂತಿರುತ್ತವೆ.

ಪುಸ್ತಕ ಸರಿಯಿದೆಯೇ ಎಂದು ನೋಡಲು ಓದು ಬರಹ ಬಹಳ ಬೇಕಿಲ್ಲ. ಒಂದು ಕಡೆ ಸದಸ್ಯೆಯರ ಉಳಿತಾಯ 27,600, ಹಂಚದೆ ಉಳಿದ ಆದಾಯ 2,637, ಕೂಡಿದರೆ 30,237. ಇನ್ನೊಂದು ಕಡೆ ಸದಸ್ಯೆಯರ ಮೇಲಿರುವ ಸಾಲದ ಬಾಕಿ 24,500, ಬ್ಯಾಂಕಿನಲ್ಲಿ 5,037, ಕೈಯಲ್ಲಿ 700. ಕೂಡಿದರೆ ಅದೂ 30,237. ಎರಡು ಬದಿ ಸರಿಹೋದರೆ ಹಂಚಿಕೆಯ ಮಾತಾಡಬಹುದು. ಸರಿಹೋಗದಿದ್ದರೆ ಅಂದು ಹಂಚಬಾರದು. ಈ ಅಂಕಿಗಳನ್ನು ಪುಸ್ತಕದಿಂದ ಓದಿದರಷ್ಟೇ ಸಾಲದು. ಬ್ಯಾಂಕಿನ ಪಾಸ್‌ಬುಕ್ ಸಭೆಯ ನಡುವೆ ಇರಬೇಕು, 700 ರೂಪಾಯಿ ಕಣ್ಣೆದುರು ಎಣಿಸಬೇಕು, ಸಾಲಗಾರರು ಒಬ್ಬೊಬ್ಬರಾಗಿ ತಮ್ಮ ಬಾಕಿ ಎಷ್ಟೆಂದು ತಾವೇ ಹೇಳಬೇಕು. ಪುಸ್ತಕದಲ್ಲಿ ಒಬ್ಬಾಕೆಯ ಹೆಸರಿನಲ್ಲಿ 3,000 ಇದ್ದು, ಅವಳು “ನಂದು ಎರಡು ಸಾವಿರ ಅಷ್ಟೇ” ಎಂದರೆ, ಉಳಿದ ಸಾವಿರ ಎಲ್ಲಿ ಹೋಯಿತೆಂದು ಅಲ್ಲೇ ಗೊತ್ತಾಗಬೇಕು.

ಇನ್ನೊಂದು ಗುರುತು ಇದೆ. ಒಂದು ಸಾಲ ತೀರಿದ ದಿನವೇ ಅದೇ ಹೆಸರಿನಲ್ಲಿ ಅಷ್ಟೇ ಅಥವಾ ತುಸು ಹೆಚ್ಚಿನ ಹೊಸ ಸಾಲ ಕಂಡರೆ ವಿಚಾರಿಸಬೇಕು. ಹಲವು ಸಲ ಅಲ್ಲಿ ಹಣ ಕೈ ಬದಲಾಗಿರುವುದಿಲ್ಲ. ಹಳೆ ಅಸಲು, ಕಟ್ಟದ ಬಡ್ಡಿ ಎರಡನ್ನೂ ಸೇರಿಸಿ ಹೊಸ ಸಾಲವೆಂದು ಬರೆದಿರುತ್ತಾರೆ. ಕಾಗದದಲ್ಲಿ ಬಡ್ಡಿ ಬಂದಂತಾಯಿತು, ಆದಾಯಕ್ಕೂ ಸೇರಿತು, ಹಂಚಲು ಮಾತ್ರ ನಗದು ಇಲ್ಲ.

ನಮ್ಮ ಸಂಘದ ಎರಡೂ ಬದಿ ಸರಿಹೋಯಿತು. ಆದರೂ ಕೊನೆಯಲ್ಲಿ ಯಾರ ಕೈಗೂ ನಗದು ಕೊಡುವುದು ಬೇಡವೆಂದು ತೀರ್ಮಾನವಾಯಿತು. ಇದಕ್ಕೆ ಕಾರಣ ಬ್ಯಾಂಕ್ ಸಾಲ. ಜೀವನೋಪಾಯ ಅಭಿಯಾನದ ಸಂಘಗಳಿಗೆ ಕೊಡುವ ಸಾಲದ ಬಗ್ಗೆ ರಿಸರ್ವ್ ಬ್ಯಾಂಕಿನ ಸುತ್ತೋಲೆ ಇದೆ. ಅದರಂತೆ ಮೊದಲ ಅವಧಿ ಸಾಲ ಸಂಘದ ಸ್ವಂತ ನಿಧಿಯ ಆರು ಪಟ್ಟು ಅಥವಾ ಕನಿಷ್ಠ ಒಂದೂವರೆ ಲಕ್ಷ, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು. ಸ್ವಂತ ನಿಧಿ ಎಂದರೆ ಉಳಿತಾಯ ಮಾತ್ರವಲ್ಲ, ಆಂತರಿಕ ಸಾಲದಿಂದ ಬಂದ ಬಡ್ಡಿಯೂ ಸುತ್ತುನಿಧಿಯೂ ಅದರಲ್ಲಿ ಸೇರುತ್ತವೆ. 2,637ನ್ನು ಹಂಚಿಕೊಂಡು ಹೋದರೆ ನಿಧಿ 27,600, ಆರು ಪಟ್ಟು 1,65,600. ಹಂಚದೆ ಉಳಿಸಿದರೆ ನಿಧಿ 30,237, ಆರು ಪಟ್ಟು 1,81,422. ತಲಾ ಇನ್ನೂರು ಚಿಲ್ಲರೆ ರೂಪಾಯಿ ಮನೆಗೆ ಒಯ್ಯುವುದಕ್ಕೂ ಒಯ್ಯದಿರುವುದಕ್ಕೂ ಬ್ಯಾಂಕ್ ಸಾಲದಲ್ಲಿ ಸುಮಾರು 15,800 ರೂಪಾಯಿ ಅಂತರ. 10 ಲಕ್ಷದವರೆಗಿನ ಇಂಥ ಸಾಲಕ್ಕೆ ಬ್ಯಾಂಕು ಅಡಮಾನ ಕೇಳಬಾರದು, ಸಂಘದ ಉಳಿತಾಯ ಖಾತೆಯನ್ನು ಸಾಲಕ್ಕೆ ಒತ್ತೆಯಾಗಿ ಹಿಡಿಯಬಾರದು ಎಂದೂ ಅದೇ ಸುತ್ತೋಲೆ ಹೇಳುತ್ತದೆ. ಬ್ಯಾಂಕಿಗೆ ಹೋಗುವ ಪ್ರತಿನಿಧಿಗಳು ಇದನ್ನು ತಿಳಿದಿರಬೇಕು. ಉಳಿತಾಯವನ್ನು ಹಿಡಿದಿಟ್ಟುಕೊಂಡರೆ ಆಂತರಿಕ ಸಾಲವೇ ನಿಂತುಹೋಗುತ್ತದೆ.

ಹಂಚದಿರುವುದು ಎಂದರೆ ಯಾರದೆಂದು ಗೊತ್ತಿಲ್ಲದ ಗಂಟಾಗಿ ಬಿಡುವುದಲ್ಲ. ಹಿರಿಯಕ್ಕ ಇದನ್ನು ಹಟ ಹಿಡಿದು ಒಪ್ಪಿಸಿದಳು. ನಗದು ಸಂಘದಲ್ಲೇ ಇರಲಿ, ಆದರೆ ಒಬ್ಬೊಬ್ಬರ ಪಾಲು ಅವರವರ ಪಾಸ್‌ಬುಕ್ಕಿನಲ್ಲಿ ಏರಲಿ ಎಂದಳು. ಹಾಗೆ ಅವಳ ಪುಸ್ತಕದಲ್ಲಿ 2,634 ಆಯಿತು, ನಡುವಿನವಳದರಲ್ಲಿ 2,634, ಕಿರಿಯವಳದರಲ್ಲಿ 1,263. ಎರಡನೇ ವರ್ಷದ ತಿಂಗಳ ಲೆಕ್ಕ ಶುರುವಾಗುವುದು ಈ ಅಂಕಿಗಳಿಂದ. ಮೊದಲ ವರ್ಷದ ಬಡ್ಡಿಯೂ ಇನ್ನು ಮುಂದೆ ಉಳಿತಾಯದಂತೆಯೇ ಪಾಲಿಗೆ ಎಣಿಕೆಯಾಗುತ್ತದೆ. ವಸೂಲಾಗದ ಸಾಲಕ್ಕೆಂದು ಒಂದಿಷ್ಟು ತೆಗೆದಿಡಬೇಕೆಂದು ಕೆಲವರು ಹೇಳಿದರು. ಈ ವರ್ಷ ಯಾರದೂ ಕಂತು ತಪ್ಪಿರಲಿಲ್ಲವಾದ್ದರಿಂದ ಅದನ್ನು ಮುಂದಿನ ವರ್ಷದ ಲೆಕ್ಕಕ್ಕೆ ಬಿಟ್ಟರು. ನನ್ನನ್ನು ಕೇಳಿದ್ದರೆ ಮೊದಲ ವರ್ಷವೇ ಒಂದಿಷ್ಟು ತೆಗೆದಿಡಿ ಎನ್ನುತ್ತಿದ್ದೆ. ಕಂತು ತಪ್ಪಿದ ಮೇಲೆ ತೆಗೆದಿಡಲು ಹೊರಟರೆ ಅದು ತಪ್ಪಿಸಿದವಳ ಮೇಲಿನ ಸಿಟ್ಟಿನಂತೆ ಕಾಣುತ್ತದೆ.

ಹೆಸರು ಹೆಸರಿಗೆ ಪಾಲು ಬರೆದಿಡುವುದರ ಬೆಲೆ ತಿಳಿಯುವುದು ಯಾರಾದರೂ ಸಂಘ ಬಿಡುವಾಗ. ಮನೆಯವರು ಕೆಲಸಕ್ಕೆಂದು ಬೆಂಗಳೂರಿಗೆ ಹೋಗುತ್ತಾರೆ, ಸದಸ್ಯೆಯೂ ಹೊರಡುತ್ತಾಳೆ. ಅವಳ ಉಳಿತಾಯದಿಂದ ಸಾಲದ ಬಾಕಿ ಕಳೆದು ಉಳಿದದ್ದನ್ನು ಕೊಡಬೇಕೆಂಬುದರಲ್ಲಿ ಯಾರಿಗೂ ಅನುಮಾನವಿರುವುದಿಲ್ಲ. ಹಲವು ವರ್ಷ ಹಂಚದೆ ಉಳಿಸಿದ ಬಡ್ಡಿಯಲ್ಲಿ ಅವಳ ಪಾಲೆಷ್ಟು ಎಂಬಲ್ಲಿ ಮಾತು ನಿಲ್ಲುತ್ತದೆ. ಗಂಟು ಒಟ್ಟಾಗಿಯೇ ಇದ್ದರೆ ಅವಳು ಬರಿಗೈಯಲ್ಲಿ ಹೋಗುತ್ತಾಳೆ, ಉಳಿದವರ ಪಾಲು ಅಷ್ಟು ಬೆಳೆಯುತ್ತದೆ. ಪಾಸ್‌ಬುಕ್ಕಿನಲ್ಲಿ ವರ್ಷ ವರ್ಷವೂ ಏರಿಸಿದ್ದರೆ ಕೇಳುವುದಕ್ಕೇನೂ ಉಳಿದಿರುವುದಿಲ್ಲ. ನಡುವರ್ಷದಲ್ಲಿ ಬಿಟ್ಟರೂ ಅಲ್ಲಿಯವರೆಗಿನ ತಿಂಗಳ ಅಳತೆ ಇರುತ್ತದೆ. ವರ್ಷದ ಕೊನೆಗೆ ಲೆಕ್ಕ ಮುಚ್ಚಿದಾಗ ಆ ಅಳತೆಗೆ ತಕ್ಕ ಪಾಲು ಕಳಿಸುವುದೋ, ವರ್ಷ ತುಂಬದೆ ಬಿಟ್ಟವರಿಗೆ ಆ ವರ್ಷದ ಪಾಲು ಇಲ್ಲವೋ ಎಂಬುದನ್ನು ಸಂಘವೇ ನಿರ್ಧರಿಸಬೇಕು. ಯಾರೂ ಹೊರಡುವ ಮಾತಾಡದಿರುವಾಗಲೇ ಅದನ್ನು ನಡಾವಳಿ ಪುಸ್ತಕದಲ್ಲಿ ಬರೆದು, ಎಲ್ಲರ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿಕೊಂಡಿರಬೇಕು.